ಅನಾಬ್ಯಾಪ್ಟಿಸ್ಟರ ಮೇಲೆ ಎರಡೂ ಕಡೆಯವರಿಗೆ ಅಷ್ಟು ಸಿಟ್ಟು ಯಾಕೆ?

ಪ್ರಶ್ನೆ: ಪ್ರೊಟೆಸ್ಟಂಟರೇ ಪೋಪ್ ವಿರುದ್ಧ ಬಂಡೆದ್ದವರು ಅಲ್ವಾ? ಮತ್ತೆ ಹಸುಗೂಸಿಗೆ ದೀಕ್ಷಾಸ್ನಾನ ಬೇಡ ಅಂದ ಅನಾಬ್ಯಾಪ್ಟಿಸ್ಟರನ್ನು ಕ್ಯಾಥೊಲಿಕರ ಜೊತೆ ಅವರೂ ಯಾಕೆ ಕೊಂದರು?

ಯಾಕೆಂದರೆ ಹದಿನಾರನೇ ಶತಮಾನದ ಯುರೋಪಿನಲ್ಲಿ ದೀಕ್ಷಾಸ್ನಾನ ಬರೀ ಚರ್ಚಿನ ವಿಷಯವಾಗಿರಲಿಲ್ಲ. ಊರಲ್ಲಿ ಹುಟ್ಟಿದ ಪ್ರತಿ ಮಗುವೂ ಅದರ ಮೂಲಕವೇ ಚರ್ಚಿಗೂ ಊರಿಗೂ ಸೇರುತ್ತಿತ್ತು. ನಂಬಿಕೆ ಅರಿತವರಿಗಷ್ಟೇ ದೀಕ್ಷಾಸ್ನಾನ ಎಂದುಬಿಟ್ಟರೆ ಚರ್ಚು ಬೇರೆ, ಊರು ಬೇರೆ ಎಂದಂತಾಯಿತು. ಅದನ್ನು ಒಪ್ಪಲು ಪೋಪ್ ಕಡೆಯವರೂ ಸಿದ್ಧರಿರಲಿಲ್ಲ, ಸುಧಾರಕರೂ ಸಿದ್ಧರಿರಲಿಲ್ಲ.

ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ಇದು ನಡೆದ ರೀತಿ ನೋಡಿ. ಕಾನ್ರಾಡ್ ಗ್ರೇಬೆಲ್, ಫೆಲಿಕ್ಸ್ ಮಾಂಟ್ಸ್ ಇಬ್ಬರೂ ಸುಧಾರಕ ಜ್ವಿಂಗ್ಲಿಯ ಜೊತೆ ಕೂತು ಬೈಬಲ್ ಓದಿದವರು. ಸುಧಾರಣೆ ಎಷ್ಟು ವೇಗವಾಗಿ ನಡೆಯಬೇಕು ಅನ್ನುವುದನ್ನು ಜ್ವಿಂಗ್ಲಿ ನಗರಸಭೆಗೆ ಬಿಟ್ಟ. ದೇವರ ವಾಕ್ಯ ಪಾಲಿಸಲು ನಗರಸಭೆಯ ಅಪ್ಪಣೆ ಯಾಕೆ ಬೇಕು ಎಂದು ಇವರು ಕೇಳಿದರು. ನನ್ನ ಮಟ್ಟಿಗೆ ಬಿರುಕು ಶುರುವಾದದ್ದು ಇಲ್ಲೇ. ದೀಕ್ಷಾಸ್ನಾನದ ಜಗಳ ಆಮೇಲಿನದು. 1525ರ ಜನವರಿಯಲ್ಲಿ ನಗರಸಭೆ, ಎಂಟು ದಿನದೊಳಗೆ ಎಲ್ಲ ಮಕ್ಕಳಿಗೂ ದೀಕ್ಷಾಸ್ನಾನ ಮಾಡಿಸಬೇಕು, ಇಲ್ಲದಿದ್ದರೆ ಊರು ಬಿಡಬೇಕು ಎಂದಿತು. ಕೆಲವೇ ದಿನಕ್ಕೆ, ಜನವರಿ 21ರಂದು, ಇವರ ಗುಂಪು ಒಂದು ಮನೆಯಲ್ಲಿ ಸೇರಿತು. ಗ್ರೇಬೆಲ್ ತನ್ನ ಜೊತೆಗಾರ ಬ್ಲೌರಾಕ್‌ಗೆ ದೀಕ್ಷಾಸ್ನಾನ ಕೊಟ್ಟ, ಬ್ಲೌರಾಕ್ ಉಳಿದವರಿಗೆ ಕೊಟ್ಟ.

ಮರುವರ್ಷ ನಗರಸಭೆ, ಹೀಗೆ ಎರಡನೇ ಸಲ ದೀಕ್ಷಾಸ್ನಾನ ಕೊಡುವವರನ್ನು ನೀರಲ್ಲಿ ಮುಳುಗಿಸಿ ಕೊಲ್ಲುವುದಾಗಿ ಆಜ್ಞೆ ಹೊರಡಿಸಿತು. 1527ರ ಜನವರಿ 5ರಂದು ಮಾಂಟ್ಸ್‌ನನ್ನು ದೋಣಿಯಲ್ಲಿ ಲಿಮ್ಮಾಟ್ ನದಿಯ ನಡುವಿಗೆ ಒಯ್ದರು. ಕೈ ಕಟ್ಟಿ, ಆ ಕೈಗಳನ್ನು ಮೊಣಕಾಲಿನ ಕೆಳಕ್ಕೆ ಎಳೆದು, ಅಲುಗಾಡದಂತೆ ನಡುವೆ ಕೋಲು ತೂರಿಸಿದ್ದರು. ನಂಬಿಕೆ ಬಿಡು ಎಂದು ಪಕ್ಕದಲ್ಲಿದ್ದ ಪಾದ್ರಿ ಒತ್ತಾಯಿಸುತ್ತಿದ್ದ. ಬಿಡಬೇಡ ಎಂದು ದಡದಿಂದ ಅವನ ತಾಯಿಯೂ ಸಹೋದರನೂ ಧೈರ್ಯ ಹೇಳುತ್ತಿದ್ದರು. ಹೆತ್ತವಳು ಹಾಗೆ ಕೂಗಿ ಹೇಳಿದ್ದನ್ನು ನೆನೆದರೆ ಈಗಲೂ ಎದೆ ಹಿಂಡುತ್ತದೆ. ಬ್ಲೌರಾಕ್ ಆ ನಗರದವನಲ್ಲದ್ದರಿಂದ ಅವನನ್ನು ಚಾಟಿಯಿಂದ ಹೊಡೆದು ಗಡಿಪಾರು ಮಾಡಿದರು. ಅವನು ಕ್ಯಾಥೊಲಿಕ್ ಆಳ್ವಿಕೆಯ ಟಿರೋಲ್ ಸೇರಿದ; 1529ರಲ್ಲಿ ಅಲ್ಲಿ ಅವನನ್ನು ಸುಟ್ಟರು.

ಅದೇ 1529ರಲ್ಲಿ ಜರ್ಮನಿಯ ಸ್ಪೈಯರ್‌ನಲ್ಲಿ ಸಾಮ್ರಾಜ್ಯದ ಸಭೆ ಸೇರಿತು. ಲೂಥರ್ ಕಡೆಯ ದೊರೆಗಳು ತಮ್ಮ ಮನಸ್ಸಾಕ್ಷಿಗಾಗಿ ಪ್ರತಿಭಟಿಸಿದ್ದು ಅಲ್ಲಿ. 'ಪ್ರೊಟೆಸ್ಟಂಟ್' ಎಂಬ ಹೆಸರು ಬಂದದ್ದೇ ಅದರಿಂದ. ಎರಡನೇ ಸಲ ದೀಕ್ಷಾಸ್ನಾನ ಪಡೆದವರಿಗೆ ಮರಣದಂಡನೆ ಎಂಬ ಶಾಸನ ಹೊರಟದ್ದೂ ಅದೇ ಸಭೆಯಿಂದ.

ಜರ್ಮನಿಯ ಮ್ಯೂನ್‌ಸ್ಟರ್ ನಗರವನ್ನು ಕೆಲ ಅನಾಬ್ಯಾಪ್ಟಿಸ್ಟರು ಹಿಡಿದು ಹಿಂಸೆಗಿಳಿದದ್ದೇ ಇದಕ್ಕೆಲ್ಲ ಕಾರಣ ಎಂದು ಕೆಲವರು ಹೇಳುತ್ತಾರೆ. ಅದು ನಡೆದದ್ದು 1534ರಲ್ಲಿ, ಮಾಂಟ್ಸ್ ಸತ್ತು ಏಳು ವರ್ಷವಾದ ಮೇಲೆ. ಅಲ್ಲಿಂದ ಮುಂದೆ ಅನಾಬ್ಯಾಪ್ಟಿಸ್ಟರನ್ನು ಹಿಂಸಿಸಲು ನೆಪ ಸುಲಭವಾಗಿ ಸಿಕ್ಕಿತು, ನಿಜ. ಆದರೂ ಎಲ್ಲ ಪ್ರೊಟೆಸ್ಟಂಟ್ ದೊರೆಗಳೂ ಒಂದೇ ರೀತಿ ನಡೆದುಕೊಳ್ಳಲಿಲ್ಲ. ಹೆಸ್ಸೆಯ ದೊರೆ ಫಿಲಿಪ್ ಅನಾಬ್ಯಾಪ್ಟಿಸ್ಟರನ್ನು ಸೆರೆಗೆ ಹಾಕಿದ, ಗಡಿಪಾರು ಮಾಡಿದ. ನಂಬಿಕೆಯ ಕಾರಣಕ್ಕೆ ಕೊಲ್ಲಲು ಮಾತ್ರ ಒಪ್ಪಲಿಲ್ಲ.