ಸೀರೆ ಪೋಸ್ಟಿಗೆ ಬರುವ 'ಪ್ರೈಸ್ ಪ್ಲೀಸ್' ಮೆಸೇಜಿಗೆ ಯಾವ ರೆಡಿ ರಿಪ್ಲೈ ಇಟ್ಟುಕೊಳ್ಳಬೇಕು?

ಪ್ರಶ್ನೆ: ಇನ್‌ಸ್ಟಾದಲ್ಲಿ ಸೀರೆ ಫೋಟೋ ಹಾಕಿದ್ರೆ ದಿನಾ 'ಪ್ರೈಸ್ ಪ್ಲೀಸ್' ಅಂತ ಮೆಸೇಜ್ ಬರುತ್ತೆ. ರೇಟ್ ಹೇಳಿದ ಕೂಡ್ಲೇ ಆಚೆಯಿಂದ ಸದ್ದೇ ಇರಲ್ಲ. ಕೇಳಿದವರೆಲ್ಲ ತಗೊಳ್ಳೋ ಹಾಗೆ ಮಾಡೋ ರೆಡಿಮೇಡ್ ರಿಪ್ಲೈ ಇದ್ರೆ ಕೊಡ್ತೀರಾ?

ನಾನು ಹುಬ್ಬಳ್ಳಿಯಲ್ಲಿ ಮನೆಯಿಂದಲೇ ಇಳಕಲ್ ಸೀರೆ ಮಾರುತ್ತೇನೆ. ಶುರುವಿನಲ್ಲಿ ಇಡೀ ದಿನ ಇದೇ ಕೆಲಸ: ಫೋಟೋ ಹಾಕುವುದು, ರೇಟ್ ಕಳಿಸುವುದು, ಕಾಯುವುದು. ಒಂದೊಂದು ಮೆಸೇಜಿಗೂ ಹೊಸದಾಗಿ ಟೈಪ್ ಮಾಡಿ ಬೆರಳು ನೋಯುತ್ತಿತ್ತು. ಹಾಗಾಗಿ ವಾಟ್ಸಾಪ್ ಬಿಸಿನೆಸ್‌ನ `Quick replies` ಒಳಗೆ ಒಂದು ಉತ್ತರ ಬರೆದಿಟ್ಟೆ. ಇನ್‌ಸ್ಟಾದ ಬಿಸಿನೆಸ್ ಖಾತೆಯಲ್ಲೂ `Saved replies` ಅಂತ ಇದೆ, ಅಲ್ಲೂ ಅದನ್ನೇ ಹಾಕಿದೆ. ಉತ್ತರ ಹೀಗಿತ್ತು: "ನಮಸ್ಕಾರ, ನಮ್ಮಲ್ಲಿ ಇಳಕಲ್ ಸೀರೆಗಳು 1,200 ರೂಪಾಯಿಯಿಂದ ಆರಂಭ. ಬೇಕಿದ್ದರೆ ತಿಳಿಸಿ."

ಆ ಒಂದು ಸಾಲು ನನಗೆ ದೊಡ್ಡ ಆರ್ಡರ್ ಒಂದನ್ನು ಕಳೆಯಿತು. ಹೇಗೆ ಅಂತ ಬಿಡಿಸಿ ಹೇಳುತ್ತೇನೆ. ನೀವು ಕೇಳುತ್ತಿರುವ ರೆಡಿಮೇಡ್ ರಿಪ್ಲೈಗಳಲ್ಲಿ ಹೆಚ್ಚಿನವು ಇದೇ ಅಚ್ಚಿನವು.

ಇಳಕಲ್ ಅಂದರೆ ಒಂದೇ ಸೀರೆ ಅಲ್ಲ. ಒಡಲು ಹತ್ತಿಯದ್ದಿರಬಹುದು, ರೇಷ್ಮೆಯದ್ದಿರಬಹುದು, ನಮ್ಮ ಕಡೆ ಚಮಕಾ ಅನ್ನುವ ರೇಯಾನ್ ಇರಬಹುದು. ಕೈಮಗ್ಗದ್ದೂ ಇದೆ, ಪವರ್‌ಲೂಮ್‌ದೂ ಇದೆ. ಫೋಟೋದಲ್ಲಿ ಎಲ್ಲವೂ ಒಂದೇ ಥರ ಕಾಣುತ್ತವೆ, ಯಾಕೆಂದರೆ ಕೆಂಪು ಸೆರಗು, ಅದರ ಮೇಲೆ ಬಿಳಿ ತೆನೆ ಎಲ್ಲದರಲ್ಲೂ ಇರುತ್ತದೆ. ನನ್ನ ಹತ್ತಿರ ಚಮಕಾ ಪವರ್‌ಲೂಮ್ ಸೀರೆ 1,200ಕ್ಕೆ, ಹತ್ತಿ ಒಡಲಿನ ಕೈಮಗ್ಗದ್ದು 2,900ಕ್ಕೆ, ಪೂರ್ತಿ ರೇಷ್ಮೆಯದ್ದು 8,500ಕ್ಕೆ ಇತ್ತು.

ಒಬ್ಬ ಹೆಣ್ಣುಮಗಳು ದಾಳಿಂಬೆ ಬಣ್ಣದ ರೇಷ್ಮೆ ಸೀರೆಯ ಫೋಟೋ ಕಳಿಸಿ ರೇಟ್ ಕೇಳಿದರು. ನಾನು ಶಾರ್ಟ್‌ಕಟ್ ಒತ್ತಿದೆ, ಉತ್ತರ ಹೋಯಿತು. ಅವರು ಓದಿದ್ದು ಇಷ್ಟೇ: ಈ ಸೀರೆ ಸುಮಾರು 1,200. ಅಕ್ಕನ ಸೀಮಂತಕ್ಕೆ ಮನೆಯ ಹೆಂಗಸರಿಗೆಲ್ಲ ಒಂದೇ ಥರದ ಐದು ಸೀರೆ ಅಂತ ತಾಯಿಯ ಜೊತೆ ಮಾತಾಡಿಕೊಂಡು, ಲೆಕ್ಕ ಹಾಕಿಕೊಂಡು ಸಂಜೆ ಫೋನ್ ಮಾಡಿದರು. ಆಗ ನಾನು ಅದು 8,500ದ್ದು ಅಂದೆ. "ಮುಂಜಾನೆ ಒಂದು ರೇಟ್, ಸಂಜೀಕ ಒಂದು ರೇಟ್ ಏನ್ರೀ ನಿಮ್ದು?" ಅಂದರು. ಹತ್ತಿಯದ್ದನ್ನು ತೋರಿಸುತ್ತೇನೆ, ಅದೇ ಬಣ್ಣ ಸಿಗುತ್ತದೆ ಅಂತ ಎಷ್ಟು ಹೇಳಿದರೂ ಕೇಳಲಿಲ್ಲ. 2,900 ಕೂಡ ಅವರಿಗೆ ಏರಿಸಿದ ರೇಟೇ ಆಗಿ ಕಂಡಿತು. ಆಮೇಲೆ ಆ ಪೋಸ್ಟಿನ ಕೆಳಗೇ ಈ ಮಾತನ್ನು ಕಾಮೆಂಟ್ ಮಾಡಿದರು. ಅದಾದ ಮೇಲೆ ರೇಟ್ ಕೇಳಿದವರೆಲ್ಲ "ಫಿಕ್ಸ್ ರೇಟ್ ಹೌದಲ್ರೀ?" ಅಂತಲೇ ಮಾತು ಶುರುಮಾಡುತ್ತಿದ್ದರು.

ಅವರ ಸಿಟ್ಟು ಸರಿಯಾಗಿಯೇ ಇತ್ತು. ಅವರು ಕೇಳಿದ್ದು ಒಂದು ಸೀರೆಯ ಬೆಲೆ. ನಾನು ಹೇಳಿದ್ದು ಬೇರೆ ಯಾವುದೋ ಸೀರೆಯ ಬೆಲೆ. 'ಇಂತಿಷ್ಟರಿಂದ ಆರಂಭ' ಅಂದರೆ ಜನ ಫೋನ್ ಇಡುವುದಿಲ್ಲ, ಮಾತು ಮುಂದುವರಿಯುತ್ತದೆ ಅಂತ ಎಲ್ಲರೂ ಹೇಳಿಕೊಡುತ್ತಾರೆ. ಮಾತು ಮುಂದುವರಿಯುತ್ತದೆ, ನಿಜ. ಆದರೆ ಮೊದಲು ಕಿವಿಗೆ ಬಿದ್ದ ಅಂಕಿಯೇ ತಲೆಯಲ್ಲಿ ಕೂರುತ್ತದೆ. ಆಮೇಲೆ ನೀವು ಹೇಳುವ ನ್ಯಾಯವಾದ ಬೆಲೆಯೂ ಮೋಸದ ಹಾಗೆ ಕೇಳಿಸುತ್ತದೆ. ಇನ್ನೊಂದು ತಪ್ಪು ಆ ಸಾಲಿನ ಕೊನೆಯಲ್ಲಿತ್ತು. 'ಬೇಕಿದ್ದರೆ ತಿಳಿಸಿ' ಅಂದಾಗ ಆ ಕಡೆಯವರಿಗೆ ಹೇಳಲು ಏನೂ ಉಳಿಯುವುದಿಲ್ಲ. ಓದುತ್ತಾರೆ, ಫೋನ್ ಕೆಳಗಿಡುತ್ತಾರೆ.

ಹಾಗಾಗಿ ನಿಮ್ಮ ಪ್ರಶ್ನೆಯಲ್ಲಿ ಒಂದು ಮಾತನ್ನು ನಾನು ಒಪ್ಪುವುದಿಲ್ಲ. ಕೇಳಿದವರೆಲ್ಲ ಕೊಳ್ಳುವಂತೆ ಮಾಡುವ ಮೆಸೇಜ್ ಇಲ್ಲ, ಅದನ್ನು ಹುಡುಕಲೂ ಬೇಡಿ. ಸುಮ್ನೆ ನೋಡಲು ಬಂದವರು ಸುಮ್ನೆ ನೋಡಲಿ. ಒಳ್ಳೆಯ ರೆಡಿ ರಿಪ್ಲೈ ಮಾಡಬೇಕಾದ ಕೆಲಸ ಎರಡೇ: ಕೇಳಿದ ಸೀರೆಯ ಪೂರ್ತಿ ಬೆಲೆ ಹೇಳುವುದು, ಮತ್ತು ಇವರಿಗೆ ನಿಜವಾಗಿ ಸೀರೆ ಬೇಕಾಗಿದೆಯಾ ಅಂತ ಒಂದೇ ಪ್ರಶ್ನೆಯಲ್ಲಿ ತಿಳಿದುಕೊಳ್ಳುವುದು.

ಈಗ ನನ್ನ ಮೊದಲ ಉತ್ತರ ಹೀಗಿದೆ. ಶಾರ್ಟ್‌ಕಟ್ `/bele`.

"ನಮಸ್ಕಾರ ರೀ. ನೀವು ಕೇಳಿದ್ದು ___ ನಂಬರ್ ಸೀರೆ, ___ ಬಣ್ಣ. ಒಡಲು ___, ಸೆರಗು ___, ___ ಮಗ್ಗದ್ದು. 6 ಗಜ, ಬ್ಲೌಸ್ ಪೀಸ್ ___. ಬೆಲೆ ___ ರೂಪಾಯಿ, ಕರ್ನಾಟಕದೊಳಗೆ ಕೊರಿಯರ್ ಸೇರಿ. ನಿಮಗೆ ಯಾವ ದಿನಕ್ಕೆ ಬೇಕಾಗಿತ್ತು?"

ಖಾಲಿ ಜಾಗಗಳನ್ನು ಬೇಕೆಂದೇ ಬಿಟ್ಟಿದ್ದೇನೆ. ಬೆಲೆಯನ್ನು ಟೆಂಪ್ಲೇಟಿನೊಳಗೆ ಬರೆದಿಟ್ಟರೆ ನೂಲಿನ ದರ ಏರಿದ ಮೇಲೂ ಹಳೆಯ ಅಂಕಿಯೇ ಹೋಗುತ್ತದೆ. ಖಾಲಿ ಇದ್ದರೆ ಕಳಿಸುವ ಮುಂಚೆ ಆ ಸೀರೆಯನ್ನು ಒಮ್ಮೆ ನೆನಪು ಮಾಡಿಕೊಳ್ಳಲೇಬೇಕು. ನಂಬರ್ ಕೂಡ ಮುಖ್ಯ. ಪ್ರತಿ ಫೋಟೋದ ಮೂಲೆಯಲ್ಲಿ ಒಂದು ನಂಬರ್ ಬರೆಯಿರಿ. ಜನ ಸ್ಕ್ರೀನ್‌ಶಾಟ್ ಕಳಿಸುತ್ತಾರೆ, ಅದು ಇನ್ನೊಬ್ಬರಿಗೆ ಫಾರ್ವರ್ಡ್ ಆಗಿರುತ್ತದೆ. ನಂಬರ್ ಇದ್ದರೆ ಯಾವ ಸೀರೆ ಅನ್ನುವುದರಲ್ಲಿ ಗೊಂದಲವಾಗುವುದಿಲ್ಲ. ಬ್ಲೌಸ್ ಪೀಸ್ ವಿಷಯ ಮೊದಲೇ ಹೇಳಿ. ಇಳಕಲ್‌ಗೆ ಗುಳೇದಗುಡ್ಡದ ಖಣದ ಬ್ಲೌಸ್ ಹಾಕುವ ರೂಢಿ ಇರುವುದರಿಂದ ಎಷ್ಟೋ ಸೀರೆಗಳಲ್ಲಿ ಬ್ಲೌಸ್ ಪೀಸ್ ಇರುವುದಿಲ್ಲ. ಬೆಂಗಳೂರಿನವರಿಗೆ ಇದು ಗೊತ್ತಿರದೆ ಪಾರ್ಸೆಲ್ ಬಿಚ್ಚಿದ ಮೇಲೆ ಜಗಳ ಬರುತ್ತದೆ.

'ಯಾವ ದಿನಕ್ಕೆ' ಅನ್ನುವುದೇ ಈ ಮೆಸೇಜಿನ ಜೀವ. ಕೊಳ್ಳುವವರಿಗೆ ಒಂದು ದಿನ ಇರುತ್ತದೆ. ಗೃಹಪ್ರವೇಶ, ನಾಗರ ಪಂಚಮಿ, ಮಗಳ ಕಾಲೇಜಿನ ಎಥ್ನಿಕ್ ಡೇ. ದಿನ ಹೇಳಿದವರಿಗೆ ನಾನು ಹಿಂದೆಮುಂದೆ ನೋಡದೆ ಸಮಯ ಕೊಡುತ್ತೇನೆ. "ಹಾಗೇ ಕೇಳಿದೆ" ಅಂದವರಿಗೂ ಮರ್ಯಾದೆಯಿಂದಲೇ ಬರೆಯುತ್ತೇನೆ: "ಆಯ್ತು ರೀ. ಹೊಸ ಸೀರೆ ಬಂದಾಗ ಸ್ಟೇಟಸ್‌ನಲ್ಲಿ ಹಾಕ್ತೇನೆ. ನಿಮ್ಮ ನಂಬರ್ ನಾನು ಸೇವ್ ಮಾಡಿಕೊಂಡಿದ್ದೇನೆ, ನನ್ನದನ್ನು ನೀವೂ ಸೇವ್ ಮಾಡಿಕೊಂಡಿದ್ರೆ ಕಾಣಿಸ್ತದೆ." ಇದು ಬರೀ ಮಾತಲ್ಲ. ನಿಮ್ಮ ನಂಬರ್ ಸೇವ್ ಮಾಡಿಕೊಳ್ಳದವರಿಗೆ ವಾಟ್ಸಾಪ್‌ನ ಬ್ರಾಡ್‌ಕಾಸ್ಟ್ ಲಿಸ್ಟ್ ಮೆಸೇಜ್ ಕೂಡ ತಲುಪುವುದಿಲ್ಲ.

ದಿನ ಹೇಳಿದವರಿಗೆ ಎರಡನೆಯ ಉತ್ತರ, `/video`: "ಆ ದಿನಕ್ಕೆ ತಲುಪಬೇಕಂದ್ರೆ ___ ರೊಳಗೆ ಕಳಿಸಬೇಕು ರೀ. ಹಗಲು ಬೆಳಕಲ್ಲಿ ತೆಗೆದ ವಿಡಿಯೋ ಕಳಿಸ್ತಿದ್ದೇನೆ. ಬಣ್ಣ ಇದರಲ್ಲಿ ಕಂಡ ಹಾಗೇ ಇರ್ತದೆ." ವಿಡಿಯೋದಲ್ಲಿ ಸೆರಗು, ದಡಿ, ಸೀರೆಯ ಹಿಂಬದಿ, ಮತ್ತು ಒಡಲು ಸೆರಗಿಗೆ ಸೇರುವ ಜಾಗ ಇರಲೇಬೇಕು. ಇಳಕಲ್‌ನಲ್ಲಿ ಒಡಲಿನ ಹಾಸು ಎಳೆಗಳನ್ನು ಸೆರಗಿನ ಎಳೆಗಳಿಗೆ ಕೊಂಡಿ ಹಾಕಿ ಜೋಡಿಸುತ್ತಾರೆ. ಬಲ್ಲವರು ಮೊದಲು ನೋಡುವುದೇ ಅದನ್ನು. ನೂರು ಸಾಲಿನ ವಿವರಣೆಗಿಂತ ಆ ಜಾಗದ ಹತ್ತು ಸೆಕೆಂಡಿನ ವಿಡಿಯೋ ಜಾಸ್ತಿ ಕೆಲಸ ಮಾಡುತ್ತದೆ.

'ಜಾಸ್ತಿ ಆಯ್ತು' ಅಂದರೆ ತಕ್ಷಣ ಡಿಸ್ಕೌಂಟ್ ಕೊಡಬೇಡಿ. ಕೇಳಿದ ಕೂಡಲೇ 300 ರೂಪಾಯಿ ಇಳಿಸಿದರೆ ಮೊದಲ ಬೆಲೆ ಸುಳ್ಳಾಗಿತ್ತು ಅಂತ ನೀವೇ ಹೇಳಿದ ಹಾಗೆ. ನಾನು ಬಟ್ಟೆಯ ದಾರಿಯಲ್ಲಿ ಹೋಗುತ್ತೇನೆ: "ಹೌದು ರೀ, ಇದು ಕೈಮಗ್ಗದ ಹತ್ತಿ, ಅದಕ್ಕೆ ಈ ಬೆಲೆ. ಇದೇ ಬಣ್ಣ ಚಮಕಾದಲ್ಲಿ 1,200ಕ್ಕೆ ಇದೆ. ಹೊಳಪು ಜಾಸ್ತಿ, ಆದರೆ ಬೇಸಿಗೆಯಲ್ಲಿ ಹತ್ತಿಯಷ್ಟು ಹಿತ ಇರಲ್ಲ. ಎರಡರ ವಿಡಿಯೋನೂ ಕಳಿಸಲಾ?" ಕಡಿಮೆಯದ್ದರ ಕೊರತೆಯನ್ನೂ ಹೇಳಿ. ಆಮೇಲೆ ಅವರು ಯಾವುದನ್ನು ಆರಿಸಿದರೂ ಸೀರೆ ವಾಪಸ್ ಬರುವುದಿಲ್ಲ.

ಉತ್ತರ ಬರದೆ ಹೋದರೆ ಮರುದಿನ ಒಂದೇ ಒಂದು ಮೆಸೇಜ್. ಅದರಲ್ಲಿ ಹೊಸ ಸಂಗತಿ ಇರಬೇಕು: ಸೀರೆ ಇನ್ನೂ ಇದೆ, ಅಥವಾ ಹೋಯಿತು, ಹತ್ತಿರದ ಬಣ್ಣ ಬಂದಿದೆ. ಯಾರೂ ಕೇಳದೆ ಇದ್ದಾಗ "ಇನ್ನೊಬ್ಬರು ಕೇಳ್ತಿದ್ದಾರೆ" ಅಂತ ಬರೆಯಬೇಡಿ. ಅದೇ ಸೀರೆ ಹದಿನೈದು ದಿನ ಆದ ಮೇಲೂ ನಿಮ್ಮ ಪೇಜಲ್ಲಿ ಕಂಡರೆ ಅವರು ನಿಮ್ಮನ್ನು ಮತ್ತೆ ನಂಬುವುದಿಲ್ಲ. ನಾನು ಚಾಟಿಗೆ ಲೇಬಲ್ ಹಚ್ಚಿ ಅಲ್ಲಿಗೆ ಬಿಡುತ್ತೇನೆ.

ಕಾಮೆಂಟಿನಲ್ಲಿ ಬೆಲೆ ಕೇಳಿದವರಿಗೆ 'ಡಿಎಂ ನೋಡಿ' ಅನ್ನುವ ಅಭ್ಯಾಸವನ್ನು ಇವತ್ತೇ ಬಿಡಿ. ನಿಮ್ಮನ್ನು ಫಾಲೋ ಮಾಡದವರಿಗೆ ನೀವು ಕಳಿಸಿದ್ದು ಅವರ `Requests` ಒಳಗೆ ಹೋಗಿ ಬೀಳುತ್ತದೆ. ಎಷ್ಟೋ ಜನ ಅದನ್ನು ತೆರೆಯುವುದೇ ಇಲ್ಲ. ಸದ್ದಿಲ್ಲದೆ ಹೋದರು ಅಂತ ನೀವು ಅಂದುಕೊಂಡವರಲ್ಲಿ ಕೆಲವರು ನಿಮ್ಮ ಉತ್ತರವನ್ನು ಓದಿಯೇ ಇಲ್ಲದಿರಬಹುದು. ಬೆಲೆಯನ್ನು ಕಾಮೆಂಟಿನಲ್ಲೇ ಹೇಳಿ. ಅದಕ್ಕಿಂತ ಒಳ್ಳೆಯದು ಪೋಸ್ಟಿನಲ್ಲೇ ಬರೆಯುವುದು. ನಾನು ಬರೆಯಲು ಶುರುಮಾಡಿದ ಮೇಲೆ ಮೆಸೇಜ್ ಕಡಿಮೆಯಾದವು, ಮೊದಲು ಹೆದರಿಕೆಯಾಯಿತು. ಆದರೆ ಬಂದವರು ಬಣ್ಣ, ತಲುಪುವ ದಿನ, ಫಾಲ್ ಹೊಲಿಗೆ ಇವನ್ನು ಕೇಳುತ್ತಿದ್ದರು. ಮಾತು ಅರ್ಧ ದಾರಿ ದಾಟಿದ ಮೇಲೆಯೇ ನನ್ನ ಹತ್ತಿರ ಬರುತ್ತಿತ್ತು.

ಟೆಂಪ್ಲೇಟ್ ಸರಿ ಇದೆಯಾ ಅಂತ ತಿಳಿಯಲು ಆರ್ಡರ್ ಲೆಕ್ಕ ಹಾಕಬೇಡಿ. ಕೊನೆಯ ಪ್ರಶ್ನೆಗೆ ಎಷ್ಟು ಜನ ಉತ್ತರ ಕೊಟ್ಟರು ಅಂತ ನೋಡಿ. ಯಾರೂ ಕೊಡುತ್ತಿಲ್ಲ ಅಂದರೆ ಮೆಸೇಜ್ ಉದ್ದವಾಗಿದೆ, ಇಲ್ಲವೇ ಪ್ರಶ್ನೆ ಮಧ್ಯದಲ್ಲಿ ಹೂತುಹೋಗಿದೆ. ಪ್ರಶ್ನೆಗೆ ಉತ್ತರ ಬರುತ್ತಿದೆ, ಆದರೆ ವಿಡಿಯೋ ಆದ ಮೇಲೆ ನಿಲ್ಲುತ್ತಿದೆ ಅಂದರೆ ಫೋಟೋದ ಬಣ್ಣಕ್ಕೂ ವಿಡಿಯೋದ ಬಣ್ಣಕ್ಕೂ ವ್ಯತ್ಯಾಸ ಇದೆ. ಆಗ ತಿದ್ದಬೇಕಾದದ್ದು ಫಿಲ್ಟರ್ ಹಾಕಿದ ಫೋಟೋವನ್ನು.

ಮೂರಕ್ಕಿಂತ ಹೆಚ್ಚು ಸೀರೆ ಕೇಳಿದವರಿಗೆ ಈ ಯಾವ ಟೆಂಪ್ಲೇಟೂ ಬೇಡ. "ನಿಮಗೆ ಯಾವಾಗ ಫೋನ್ ಮಾಡಬಹುದು ರೀ?" ಅಂತ ಕೇಳಿ, ಫೋನ್ ಮಾಡಿ. ಒಂದೇ ಬಣ್ಣದ ಐದು ಕೈಮಗ್ಗದ ಸೀರೆ ಬೇಕಂದರೆ ನೇಕಾರರನ್ನು ಕೇಳಿಯೇ ದಿನ ಹೇಳಬೇಕಾಗುತ್ತದೆ. ಅದು ಮೆಸೇಜಿನಲ್ಲಿ ಮುಗಿಯುವ ಮಾತಲ್ಲ.

ನಿಮ್ಮದು ಯಾವ ಸೀರೆ ಅಂತ ನೀವು ಬರೆದಿಲ್ಲ. ಮೊಳಕಾಲ್ಮೂರು ಥರದ ರೇಷ್ಮೆಯಾದರೆ `/bele` ಒಳಗೆ ಒಡಲು, ಸೆರಗಿನ ಜಾಗದಲ್ಲಿ ಜರಿ ಯಾವುದು ಅಂತ ಬರೆಯಿರಿ. ಅಲ್ಲಿ ಬೆಲೆಯ ವ್ಯತ್ಯಾಸಕ್ಕೆ ಜರಿಯೂ ದೊಡ್ಡ ಕಾರಣ, ಮತ್ತು ಜನ ಕೇಳಲು ಮುಜುಗರಪಡುವುದೂ ಅದನ್ನೇ.