ಇಂಟರ್‌ವ್ಯೂನಲ್ಲಿ ಮದುವೆ, ಮಕ್ಕಳ ಮಾತು ಬಂದರೆ

ಪ್ರಶ್ನೆ: ಮುಂದಿನ ವಾರ ಇಂಟರ್‌ವ್ಯೂ ಇದೆ. ಹೋದ ಸಲ "ಮದುವೆ ಯಾವಾಗ, ಮಕ್ಕಳ ಪ್ಲಾನ್ ಇದೆಯಾ" ಅಂತ ಕೇಳಿದಾಗ ತಡಬಡಾಯಿಸಿಬಿಟ್ಟೆ. ಸಿಟ್ಟಾಗದೆ ಏನು ಹೇಳಲಿ?

ನನಗೂ ಈ ಪ್ರಶ್ನೆ ಬಂದಿತ್ತು. "ಇನ್ನೆರಡು ವರ್ಷ ಏನೂ ಇಲ್ಲ ಸರ್" ಅಂದೆ, ನಗುತ್ತಲೇ. ಕೆಲಸ ಸಿಕ್ಕಿತು. ಒಂಬತ್ತು ತಿಂಗಳಲ್ಲಿ ಮದುವೆ ಗೊತ್ತಾಯಿತು. ರಜೆ ಕೇಳಲು ಹೋದರೆ ಮ್ಯಾನೇಜರ್, "ಇಂಟರ್‌ವ್ಯೂನಲ್ಲಿ ಬೇರೆ ಹೇಳಿದ್ರಿ ಅಲ್ವಾ?" ಅಂದರು. ಕೇಳಬಾರದ್ದನ್ನು ಕೇಳಿದವರು ಅವರು, ಮಾತು ತಪ್ಪಿದವಳು ನಾನಾದೆ! ಅಂದಿನಿಂದ ಈ ಪ್ರಶ್ನೆಗೆ ವರ್ಷ, ತಿಂಗಳು ಯಾವುದನ್ನೂ ಬಾಯಿಬಿಡುವುದಿಲ್ಲ. "ಸದ್ಯಕ್ಕಿಲ್ಲ" ಅಂತಲೂ ಹೇಳುವುದಿಲ್ಲ, ಅದೂ ಗಡುವೇ.

ಕೇಳುವವರಿಗೆ ಹೆಚ್ಚಾಗಿ ಇರುವ ಅಳುಕು ಒಂದೇ: ಇವಳು ನಡುವೆ ಬಿಟ್ಟುಹೋದರೆ? ಹಾಗಾಗಿ ನಾನು ಆ ಅಳುಕಿಗೆ ಉತ್ತರ ಕೊಡುತ್ತೇನೆ, ಪ್ರಶ್ನೆಗಲ್ಲ. ಹಿಂದಿನ ದಿನವೇ ಕೆಲಸದ ವಿವರ ಓದಿ, ಅವರಿಗೆ ಎಲ್ಲಿ ಭಯ ಇರಬಹುದು ಅಂತ ನೋಡಿಕೊಳ್ಳುತ್ತೇನೆ. ಪ್ರಯಾಣವಾ, ರಾತ್ರಿ ಪಾಳಿಯಾ, ಉದ್ದದ ಪ್ರಾಜೆಕ್ಟಾ? ಒಮ್ಮೆ ಅದು 18 ತಿಂಗಳ ಪ್ರಾಜೆಕ್ಟ್ ಆಗಿತ್ತು. ನಾನು ಹೇಳಿದ್ದು ಹೀಗೆ: "ಪ್ರಾಜೆಕ್ಟ್ ಮುಗಿಯೋವರೆಗೂ ಇರ್ತೀನಾ ಅನ್ನೋದು ನಿಮ್ಮ ಯೋಚನೆ ಇರಬಹುದು. ಹಿಂದಿನ ಕಡೆ ಮೂರು ವರ್ಷ ಇದ್ದೆ, ಎರಡು ಪ್ರಾಜೆಕ್ಟ್ ಕೊನೆವರೆಗೂ ಮಾಡಿದೆ. ಇದರಲ್ಲಿ ತಿಂಗಳಿಗೆ ಎಷ್ಟು ದಿನ ಪ್ರಯಾಣ ಇರುತ್ತೆ?"

ಕೊನೆಯ ಆ ಪ್ರಶ್ನೆ ಬಿಡಬೇಡಿ. ಅದಿಲ್ಲದಿದ್ದರೆ ಮಾತು ಮತ್ತೆ ಮನೆಗೇ ವಾಪಸ್ ಬರುತ್ತದೆ. ಹಾಗಂತ ಅವರನ್ನು ಮೆಚ್ಚಿಸಲು "ಎಲ್ಲಿಗೆ, ಯಾವಾಗ ಬೇಕಾದರೂ ಹೋಗ್ತೀನಿ" ಅಂತ ಸುಮ್ನೆ ಹೇಳಲೂ ಬೇಡಿ.

ಆಗಲೂ ಬಿಡದೆ, "ಅದು ಸರಿ, ಮದುವೆ?" ಅಂತ ಕೇಳಿದರೆ? "ಮನೆ ವಿಷಯ ಇಂಟರ್‌ವ್ಯೂನಲ್ಲಿ ಮಾತಾಡಲ್ಲ ಸರ್. ಕೆಲಸದ ಸಮಯ, ಪ್ರಯಾಣದ ಬಗ್ಗೆ ಏನು ಬೇಕಾದರೂ ಕೇಳಿ." ಅಷ್ಟು ಹೇಳಿ ಬಾಯಿ ಮುಚ್ಚಿಕೊಳ್ಳಬೇಕು. ಕಷ್ಟ ಇರೋದು ಇಲ್ಲೇ. ಎದುರಿಗಿದ್ದವರು ಸುಮ್ಮನಾದ ತಕ್ಷಣ ನಮಗೆ ಏನೋ ಮುಜುಗರ. "ಬೇಜಾರಾಗಬೇಡಿ, ಏನಂದ್ರೆ ನಮ್ಮನೇಲಿ..." ಅಂತ ಶುರು ಮಾಡಿ ಎಲ್ಲವನ್ನೂ ಹೇಳಿಬಿಡುತ್ತೇವೆ. ನಾನು ಆಗ ನೀರಿನ ಲೋಟ ಎತ್ತಿಕೊಳ್ಳುತ್ತೇನೆ. ಒಂದು ಗುಟುಕು ಕುಡಿಯುವಷ್ಟರಲ್ಲಿ ಅವರೇ ಮುಂದಿನ ಪ್ರಶ್ನೆಗೆ ಹೋಗಿರುತ್ತಾರೆ. ಈ ಎರಡು ವಾಕ್ಯಗಳನ್ನು ಮನೆಯಲ್ಲಿ ಜೋರಾಗಿ ಹತ್ತು ಸಲ ಹೇಳಿ ನೋಡಿ. ಮನಸ್ಸಿನಲ್ಲೇ ಹೇಳಿಕೊಂಡರೆ ಅಲ್ಲಿ ದನಿ ನಡುಗುತ್ತದೆ.

ಕೆಲಸ ಖಾಯಂ ಆದ ಮೇಲೆ ವಿಮೆಯ ಫಾರ್ಮಿಗಾಗಿ ಗಂಡ, ಮಕ್ಕಳ ವಿವರ ಕೇಳುವುದು ಬೇರೆ. ಅದನ್ನು ಭರ್ತಿ ಮಾಡಿ.

ಇಷ್ಟೆಲ್ಲ ಸರಿಯಾಗಿ ಹೇಳಿಯೂ ಕೆಲಸ ತಪ್ಪಬಹುದು. ನನಗೆ ಒಂದು ಸಲ ತಪ್ಪಿದೆ. ಅದಕ್ಕೇ ಹೊರಗೆ ಬಂದ ತಕ್ಷಣ, ಯಾರು ಕೇಳಿದರು, ಯಾವ ಮಾತಲ್ಲಿ ಕೇಳಿದರು ಅಂತ ತಾರೀಖಿನ ಜೊತೆ ಬರೆದಿಟ್ಟುಕೊಳ್ಳಿ. ಮುಂದೆ ದೂರು ಕೊಡುವ ಮನಸ್ಸಾದರೆ, "ಏನೋ ಮದುವೆ ಬಗ್ಗೆ ಕೇಳಿದ್ರು" ಅನ್ನುವುದಕ್ಕಿಂತ ಆ ಚೀಟಿಗೆ ಬೆಲೆ ಜಾಸ್ತಿ.