‘ಜವಾಬ್ದಾರಿ ಇಲ್ಲ’ ಎಂದು ಓದಿದ ದಿನ

ಇಬ್ಬರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಮಾತುಗಳನ್ನು ಮಾತ್ರ ಮುಟ್ಟಿಲ್ಲ, ಯಾಕೆಂದರೆ ಇಲ್ಲಿ ಗಾಯ ಆಗಿದ್ದೆಲ್ಲ ಮಾತಿನಲ್ಲೇ.

ಒಬ್ಬರು ಕಾರ್ಖಾನೆಯೊಂದರ ಸ್ಟೋರ್ಸ್‌ನಲ್ಲಿ 22 ವರ್ಷದಿಂದ ಇರುವವರು. ವಯಸ್ಸು 48. ಇನ್ನೊಬ್ಬರು ಅವರ ಮ್ಯಾನೇಜರ್, ವಯಸ್ಸು 31. ಆಕೆ ಇವರನ್ನು ‘ಅಣ್ಣ’ ಅಂತ ಕರೆಯುತ್ತಾರೆ, ಇವರು ಆಕೆಯನ್ನು ‘ಮೇಡಂ’ ಅನ್ನುತ್ತಾರೆ. ಕೆಲಸ ಹೇಗಿದೆ ಅಂತ ನೋಡಿ ಮಾರ್ಕು ಕೊಡುವ ಅಪ್ರೈಸಲ್ ಆರು ತಿಂಗಳಿಗೊಮ್ಮೆ. ಫಾರಂ ಇಂಗ್ಲಿಷಿನಲ್ಲಿ, ಇವರಿಗೆ ಇಂಗ್ಲಿಷ್ ಅಷ್ಟಾಗಿ ಬಾರದು. ಹಾಗಾಗಿ ಆಕೆ ಕನ್ನಡದಲ್ಲಿ ಓದಿ ಹೇಳಿದರು. ಇವರು ಏನೂ ಮಾತಾಡದೆ ಸಹಿ ಹಾಕಿ ಎದ್ದು ಹೋದರು. ನಾಲ್ಕು ದಿನ ಕೆಲಸಕ್ಕೆ ಬರಲಿಲ್ಲ. ಐದನೇ ದಿನ ಬಂದವರು ರಾಜೀನಾಮೆ ಪತ್ರ ಹೇಗೆ ಬರೆಯಬೇಕು ಅಂತ ಎಚ್‌ಆರ್‌ನಲ್ಲಿ ಕೇಳಿದರು. ಒಮ್ಮೆ ಮಾತಾಡಿ ನೋಡಲಿ ಅಂತ ಅವರನ್ನು ನನ್ನ ಹತ್ತಿರ ಕಳಿಸಿದ್ದು ಆಗ.

ಮೊದಲ ಅರ್ಧ ಗಂಟೆ ಅವರು ಅಪ್ರೈಸಲ್ ವಿಷಯ ಎತ್ತಲೇ ಇಲ್ಲ. ತಂದೆ ತೀರಿಕೊಂಡಾಗ ತಮಗೆ 19 ವರ್ಷ, ಇಬ್ಬರು ತಮ್ಮಂದಿರನ್ನು ಓದಿಸಿದೆ, ತಂಗಿ ಮದುವೆ ಮಾಡಿದೆ ಅಂತ ಹೇಳುತ್ತಾ ಹೋದರು. ಇದನ್ನೆಲ್ಲ ಈಗ ಯಾಕೆ ಹೇಳುತ್ತಿದ್ದಾರೆ ಅಂತ ನನಗೂ ಅನಿಸಿತು. ಆಮೇಲೆ ಬಂತು: “ಜವಾಬ್ದಾರಿ ಇಲ್ಲದವನು ಅಂದುಬಿಟ್ರು ಸಾರ್. ಅದೂ ಇನ್ನಿಬ್ಬರು ಹುಡುಗರು ಬಾಗಿಲಲ್ಲಿ ನಿಂತಿದ್ರು.”

ಮಾರನೇ ದಿನ ಮ್ಯಾನೇಜರ್ ಬಂದರು. ತಾನು ಹಾಗೆ ಅನ್ನಲೇ ಇಲ್ಲ ಅಂತ ಅವರ ವಾದ. ಪಾಪ, ಹಿಂದಿನ ರಾತ್ರಿ ಕೂತು ಡಿಕ್ಷನರಿ ನೋಡಿ ಅನುವಾದ ಮಾಡಿಕೊಂಡು ಹೋಗಿದ್ದರು. ಆ ಹಾಳೆ ತೋರಿಸಿದರು. ಇಂಗ್ಲಿಷಿನಲ್ಲಿ ಇದ್ದದ್ದು ನಾಲ್ಕು ಸಾಲು: ಲ್ಯಾಕ್ಸ್ ಓನರ್‌ಶಿಪ್. ಡಸ್ ನಾಟ್ ಕಮ್ಯುನಿಕೇಟ್ ಶಾರ್ಟೇಜಸ್ ಪ್ರೊಆಕ್ಟಿವ್ಲಿ. ಕೇರ್‌ಲೆಸ್ ಇನ್ ಡಾಕ್ಯುಮೆಂಟೇಶನ್. ನೀಡ್ಸ್ ಇಂಪ್ರೂವ್‌ಮೆಂಟ್. ಪಕ್ಕದಲ್ಲಿ ಆಕೆಯ ಕನ್ನಡ: “ಜವಾಬ್ದಾರಿ ಇಲ್ಲ. ಕೊರತೆಯನ್ನು ಮುಂಚಿತವಾಗಿ ತಿಳಿಸುವುದಿಲ್ಲ. ದಾಖಲೆಗಳಲ್ಲಿ ನಿರ್ಲಕ್ಷ್ಯ. ಸುಧಾರಿಸಬೇಕು.”

ಪದಕ್ಕೆ ಪದ ನೋಡಿದರೆ ಒಂದೂ ತಪ್ಪಿಲ್ಲ. ಆದರೂ ಗಟ್ಟಿಯಾಗಿ ಓದಿ ನೋಡಿ. ಮನೆಬಿಟ್ಟು ಹೋದ ಮಗನ ಬಗ್ಗೆ ಅಪ್ಪ ಹೇಳಿದ ಹಾಗಿದೆ, ಅಲ್ವಾ?

ಆ ಹಾಳೆಯನ್ನೇ ಮುಂದಿಟ್ಟುಕೊಂಡು ನಾವಿಬ್ಬರೂ ಒಂದು ಗಂಟೆ ಕೂತೆವು.

ಮೊದಲು ‘ಜವಾಬ್ದಾರಿ’. ಆಫೀಸಿನ ಇಂಗ್ಲಿಷಿನಲ್ಲಿ ಓನರ್‌ಶಿಪ್ ಅಂದರೆ ಒಂದು ಕೆಲಸವನ್ನು ಕೊನೆವರೆಗೂ ಬೆನ್ನು ಹತ್ತುವುದು, ಅಷ್ಟೆ. ಕನ್ನಡದ ಜವಾಬ್ದಾರಿ ಮನೆಯಿಂದ ಬಂದ ಮಾತು. ಹೆಂಡತಿ ಮಕ್ಕಳು, ಸಾಲ, ಮದುವೆ ಎಲ್ಲ ಅದರೊಳಗಿದೆ. ಅದು ‘ಇಲ್ಲ’ ಅಂದರೆ ಇಡೀ ಮನುಷ್ಯನೇ ಕೆಲಸಕ್ಕೆ ಬಾರದವನು ಅಂದ ಹಾಗೆ. ಅವರು ನನ್ನೆದುರು ತಂಗಿ ಮದುವೆಯ ಕತೆ ಹೇಳಿದ್ದು ಇದಕ್ಕೇ. ಆರೋಪಕ್ಕೆ ಸಾಕ್ಷಿ ಕೊಡುತ್ತಿದ್ದರು.

‘ನಿರ್ಲಕ್ಷ್ಯ’ ಕೂಡ ಹೀಗೇ. ಚಾಲಕನ ನಿರ್ಲಕ್ಷ್ಯ, ವೈದ್ಯರ ನಿರ್ಲಕ್ಷ್ಯ ಅಂತ ಪತ್ರಿಕೆಯಲ್ಲಿ ಓದಿ ಓದಿ, ಆ ಪದ ಕೇಳಿದರೆ ಯಾರಿಗೋ ಅಪಾಯ ಆಗಿದೆ ಅನಿಸುತ್ತದೆ. ಗೊತ್ತಿದ್ದೂ ಬಿಟ್ಟ ಅನ್ನುವ ಅರ್ಥ ಅದರಲ್ಲಿದೆ. ಇನ್ನು ‘ಸುಧಾರಿಸಬೇಕು’. ನಮ್ಮಲ್ಲಿ ಒಂದೋ ಜ್ವರ ಬಂದವರು ಸುಧಾರಿಸಿಕೊಳ್ಳಬೇಕು, ಇಲ್ಲ ದಾರಿ ತಪ್ಪಿದ ಹುಡುಗ ಸುಧಾರಿಸಬೇಕು. 48ರ ಮನುಷ್ಯನಿಗೆ ಎರಡೂ ಹೊಂದುವುದಿಲ್ಲ.

ನನಗೆ ಹೆಚ್ಚು ಮುಖ್ಯ ಅನಿಸಿದ್ದು ಪದಗಳಲ್ಲ, ‘ತಿಳಿಸುವುದಿಲ್ಲ’ ಅನ್ನುವ ಕ್ರಿಯಾಪದ. ಇಂಗ್ಲಿಷಿನ ಡಸ್ ನಾಟ್ ಅನ್ನು ನಾವು ಯೋಚನೆ ಮಾಡದೆ ‘-ಉವುದಿಲ್ಲ’ ಮಾಡಿಬಿಡುತ್ತೇವೆ. ಕನ್ನಡದಲ್ಲಿ ಅದು ಎರಡು ಕೆಲಸ ಮಾಡುತ್ತದೆ. ಒಂದು, ಇದು ಇವರ ಯಾವತ್ತಿನ ಸ್ವಭಾವ ಅನ್ನುತ್ತದೆ. ಎರಡು, ಇವರಿಗೆ ಮನಸ್ಸೇ ಇಲ್ಲ ಅನ್ನುತ್ತದೆ. ‘ನಾನು ಬರುವುದಿಲ್ಲ’ ಅಂದರೆ ಒಲ್ಲೆ ಅಂತಲೇ ತಾನೇ? ‘ತಿಳಿಸಲಿಲ್ಲ’ ಅಂದರೆ ಒಂದು ದಿನದ ಮಾತು. ‘ತಿಳಿಸಿಲ್ಲ’ ಅಂದರೆ ಇನ್ನೂ ಆಗಬೇಕಾದ ಕೆಲಸದ ಮಾತು. ಮೂರಕ್ಕೂ ಮಧ್ಯೆ ಒಂದೆರಡು ಅಕ್ಷರದ ವ್ಯತ್ಯಾಸ. ಕೇಳುವವನಿಗೆ ಮಾತ್ರ ಆಕಾಶ ಭೂಮಿ.

ಹಾಗಾದರೆ ‘ತಿಳಿಸಬಹುದಿತ್ತು’ ಅನ್ನಲಾ, ಅದು ಮೆತ್ತಗಿದೆಯಲ್ಲ ಅಂತ ಆಕೆ ಕೇಳಿದರು. ಇಂಗ್ಲಿಷಿನ ಕುಡ್ ಹ್ಯಾವ್ ಮೆತ್ತಗೆ, ನಿಜ. ಆದರೆ ‘ಒಂದು ಮಾತು ಹೇಳಬಹುದಿತ್ತು’ ಅನ್ನುವುದನ್ನು ನೀವು ಎಲ್ಲಿ ಕೇಳಿದ್ದೀರಿ ನೆನಪಿಸಿಕೊಳ್ಳಿ ಅಂದೆ. ನಕ್ಕರು. ನೆಂಟರು ಮುನಿಸಿಕೊಂಡಾಗಿನ ಮಾತು ಅದು.

ಆಮೇಲೆ ಒಂದು ಕೆಲಸ ಕೊಟ್ಟೆ. ಪ್ರತಿ ಸಾಲಿನ ಮುಂದೆ ‘ಯಾವತ್ತು?’ ಅಂತ ಬರೆದುಕೊಳ್ಳಿ, ರಿಜಿಸ್ಟರ್ ನೋಡಿ ಉತ್ತರ ತನ್ನಿ. ಅನುವಾದ ಆಮೇಲೆ ನೋಡೋಣ.

ಎರಡು ದಿನ ಬಿಟ್ಟು ಬಂದರು. ಕೊರತೆಯ ಸಾಲಿಗೆ ಮೂರು ತಾರೀಖು ಸಿಕ್ಕಿತ್ತು: ಮಾರ್ಚ್ 4, ಏಪ್ರಿಲ್ 19, ಜೂನ್ 2. ಮೂರೂ ಸಲ ಸಾಮಾನು ಇಲ್ಲ ಅನ್ನುವುದು ಬೇಕಾದ ದಿನದ ಬೆಳಿಗ್ಗೆಯೇ ಗೊತ್ತಾಗಿತ್ತು. ಒಂದು ಸಲ ಲೈನ್ ಎರಡು ಗಂಟೆ ನಿಂತಿತ್ತು. ದಾಖಲೆಯ ಸಾಲಿಗೆ ಒಳಬಂದ ಸಾಮಾನಿನ 11 ರಸೀದಿಗಳಲ್ಲಿ ಆರ್ಡರ್ ನಂಬರ್ ಖಾಲಿ. ಓನರ್‌ಶಿಪ್ ಸಾಲಿಗೆ ಏನೂ ಸಿಗಲಿಲ್ಲ. ಹುಡುಕಿ ಹುಡುಕಿ ಅದೇ ಮೂರು ತಾರೀಖಿಗೆ ಬಂದು ನಿಂತಿದ್ದರು. ಅಂದರೆ ಒಂದೇ ದೂರನ್ನು ಎರಡು ಸಲ ಬರೆದಿದ್ದರು, ಒಮ್ಮೆ ಕೆಲಸದ ಮೇಲೆ, ಒಮ್ಮೆ ಮನುಷ್ಯನ ಮೇಲೆ. ಆ ಸಾಲನ್ನು ಅನುವಾದ ಮಾಡುವುದು ಬೇಡ, ಇಂಗ್ಲಿಷ್ ಫಾರಂನಿಂದಲೇ ತೆಗೆಸಿ ಅಂದೆ. ಎಚ್‌ಆರ್ ಒಪ್ಪಿತು.

ಉಳಿದದ್ದನ್ನು ಆಕೆಯೇ ತಿದ್ದಿದರು. ನಾನು ಒಂದೆರಡು ಕಡೆ ಕೈ ಹಾಕಿದೆ. ಕೊನೆಗೆ ಆದದ್ದು ಹೀಗೆ:

“ಈ ಆರು ತಿಂಗಳಲ್ಲಿ ಮೂರು ಸಲ ಸಾಮಾನು ಮುಗಿದಿದ್ದು ಅವತ್ತಿನ ಬೆಳಿಗ್ಗೆಯೇ ಗೊತ್ತಾಗಿದೆ. ಒಂದು ಸಲ ಲೈನ್ ಎರಡು ಗಂಟೆ ನಿಂತಿತು. ಕನಿಷ್ಠ ಮಟ್ಟಕ್ಕೆ ಬಂದ ದಿನವೇ ಇಂಡೆಂಟ್ ಬಂದರೆ ತರಿಸಲು ಐದು ದಿನ ಸಿಗುತ್ತದೆ. 11 ರಸೀದಿಗಳಲ್ಲಿ ಆರ್ಡರ್ ನಂಬರ್ ಬಿಟ್ಟುಹೋಗಿದೆ. ಅದಿಲ್ಲದೆ ಅಕೌಂಟ್ಸ್‌ನವರು ಬಿಲ್ ಪಾಸ್ ಮಾಡಲು ಆಗುತ್ತಿಲ್ಲ.”

‘ನೀವು’ ಅನ್ನುವ ಪದ ಇದರಲ್ಲಿ ಎಲ್ಲೂ ಇಲ್ಲ, ಗಮನಿಸಿ. ‘ನೀವು ನಂಬರ್ ಬರೆದಿಲ್ಲ’ ಅನ್ನುವ ಬದಲು ‘ನಂಬರ್ ಬಿಟ್ಟುಹೋಗಿದೆ’. ಯಾರು ಬಿಟ್ಟರು ಅಂತ ಕೂತ ಇಬ್ಬರಿಗೂ ಗೊತ್ತು, ಬೆರಳು ತೋರಿಸಬೇಕಿಲ್ಲ. ಕನ್ನಡದಲ್ಲಿ ಈ ಸೌಲಭ್ಯ ಇದೆ, ಧಾರಾಳವಾಗಿ ಬಳಸಬಹುದು. ಒಂದು ಎಚ್ಚರ ಮಾತ್ರ. ಮುಂದೆ ಏನಾಗಬೇಕು ಅನ್ನುವಾಗ ಯಾರು ಮಾಡಬೇಕು ಅನ್ನುವುದೂ ಮಾಯವಾದರೆ ಕಷ್ಟ. ಆದ್ದರಿಂದ ಕೊನೆಗೆ ಒಂದು ಸಾಲು ಸೇರಿಸಿದೆವು: “ಅಣ್ಣ, ಇಂಡೆಂಟ್ ನೀವೇ ಹಾಕಬೇಕು, ನನಗೆ ಒಂದು ಫೋನ್ ಮಾಡಿದರೆ ಸಾಕು.”

ಈ ‘ಅಣ್ಣ’ ಬಗ್ಗೆಯೂ ಹೇಳಬೇಕು. ಅಪ್ರೈಸಲ್ ದಿನ ಆಕೆ ಒಂದು ಸಲವೂ ಅಣ್ಣ ಅಂದಿರಲಿಲ್ಲ. ಅಫಿಶಿಯಲ್ ಆಗಿರಲಿ ಅಂತ. ದಿನಾ ಅಣ್ಣ ಅನ್ನುವವರು ಅವತ್ತು ಬಿಟ್ಟರೆ, ಸಂಬಂಧವನ್ನೇ ಬಿಟ್ಟ ಹಾಗೆ ಕೇಳುತ್ತದೆ.

ನನ್ನೆದುರು ಒಮ್ಮೆ ಮಾತಾಡಿ ತೋರಿಸಿ ಅಂದಾಗ ಆಕೆ ಪೂರ್ತಿ ಇನ್ನೊಂದು ಕಡೆಗೆ ವಾಲಿದರು. “ಅಣ್ಣ, ಏನಿಲ್ಲ, ಸ್ವಲ್ಪ ಹೆಚ್ಚುಕಮ್ಮಿ ಆಗಿದೆಯಂತೆ, ನೋಡ್ಕೊಳ್ಳಿ ಅಷ್ಟೆ.” ಇದರಲ್ಲಿ ಬೇಜಾರಾಗುವಂಥದ್ದು ಏನೂ ಇಲ್ಲ. ತಿಳಿಯುವಂಥದ್ದೂ ಏನೂ ಇಲ್ಲ. ಅವರಿಗೆ ಬಂದಿದ್ದು ಐದರಲ್ಲಿ 2. ಅದರಿಂದ ಇನ್‌ಕ್ರಿಮೆಂಟ್ ಕಡಿಮೆಯಾಗುತ್ತದೆ. ‘ಏನಿಲ್ಲ’ ಅಂತ ಕೇಳಿಸಿಕೊಂಡು ಹೋದವರು ಸಂಬಳದ ಚೀಟಿ ನೋಡಿದಾಗ ಮೋಸ ಅಂದುಕೊಳ್ಳುತ್ತಾರೆ. ಆ ‘ಅಂತೆ’ ಇನ್ನೂ ಕೆಟ್ಟದ್ದು. ತಾನೇ ಬರೆದದ್ದನ್ನು ಯಾರೋ ಹೇಳಿದ ಗಾಳಿಮಾತು ಮಾಡಿಬಿಡುತ್ತದೆ. ಹಾಗಾಗಿ ಮೊದಲನೇ ಮಾತೇ ನಂಬರ್ ಆಗಿರಲಿ ಅಂದೆ: “ಅಣ್ಣ, ಈ ಸಲ ಐದಕ್ಕೆ 2 ಕೊಟ್ಟಿದ್ದೇನೆ. ಇನ್‌ಕ್ರಿಮೆಂಟ್ ಕಮ್ಮಿ ಆಗುತ್ತೆ. ಯಾಕೆ ಅಂತ ಒಂದೊಂದೇ ಹೇಳ್ತೀನಿ.” ಅಂಕಿಗೆ ಅವಮಾನ ಮಾಡುವ ಶಕ್ತಿ ಕಡಿಮೆ. ‘ನಿರೀಕ್ಷೆಯ ಮಟ್ಟಕ್ಕಿಲ್ಲ’ ಅನ್ನುವುದಕ್ಕಿಂತ ‘ಐದಕ್ಕೆ 2’ ಕೇಳುವುದು ಎಷ್ಟೋ ವಾಸಿ.

ಸ್ಟೋರ್ಸ್‌ನ ಆ ಹಿರಿಯರ ಜೊತೆ ನಾನು ಮಾಡಿದ್ದು ಕಡಿಮೆ. ಇಂಗ್ಲಿಷ್ ಫಾರಂ ಎದುರಿಗಿಟ್ಟು, ಓನರ್‌ಶಿಪ್ ಅನ್ನುವುದು ಆಫೀಸಿನಲ್ಲಿ ಎಷ್ಟು ಸಣ್ಣ ಮಾತು ಅಂತ ವಿವರಿಸಿದೆ. ಪೂರ್ತಿ ನಂಬಿದರು ಅಂತ ಹೇಳಲಾರೆ. ಇನ್ನೊಮ್ಮೆ ಕೂರಲು ಒಪ್ಪಿದರು, ಬಾಗಿಲು ಹಾಕಬೇಕು ಅನ್ನುವ ಷರತ್ತಿನ ಮೇಲೆ.

ಎರಡನೇ ಭೇಟಿಗೆ ನಾನು ಹೋಗಲಿಲ್ಲ. ಆಕೆ ಆಮೇಲೆ ಹೇಳಿದ್ದು: ಅವರು ಸುಮ್ನೆ ಕೇಳಿಸಿಕೊಂಡರು, ಏಪ್ರಿಲ್ 19 ಬಂದಾಗ ಕೈ ಎತ್ತಿದರು. ಅದಕ್ಕೆ ಮೂರು ದಿನ ಮುಂಚೆಯೇ ಪರ್ಚೇಸ್‌ನವರಿಗೆ ಬಾಯಲ್ಲಿ ಹೇಳಿದ್ದರಂತೆ. ವಿಚಾರಿಸಿದರೆ ನಿಜ. ‘ತಿಳಿಸುವುದಿಲ್ಲ’ ಅಂದಾಗ ಈ ಮಾತು ಹೊರಗೆ ಬರಲು ದಾರಿಯೇ ಇರಲಿಲ್ಲ. ತಾರೀಖಿಗೆ ಉತ್ತರ ಕೊಡಬಹುದು, ಸ್ವಭಾವಕ್ಕೆ ಏನು ಉತ್ತರ ಕೊಡೋದು? ಮೂರು ಸಲ ಅನ್ನುವುದು ಎರಡಾಯಿತು. ಮಾರ್ಕು ಮಾತ್ರ 2 ಆಗಿಯೇ ಉಳಿಯಿತು. ಅದು ಸರಿ ಅಂತಲೇ ನನ್ನ ಅಭಿಪ್ರಾಯ. 11 ರಸೀದಿ ಸಣ್ಣದಲ್ಲ.

ಫಾರಂನಲ್ಲಿ ನೌಕರರು ತಮ್ಮ ಮಾತು ಬರೆಯಲು ಒಂದು ಜಾಗ ಇದೆ. ಅಲ್ಲಿ ಅವರು ಕನ್ನಡದಲ್ಲೇ ಬರೆದರು: “ಏಪ್ರಿಲ್‌ನಲ್ಲಿ ಬಾಯಲ್ಲಿ ಹೇಳಿದ್ದೆ, ಬರೆದು ಕೊಟ್ಟಿರಲಿಲ್ಲ.” ಇದನ್ನು ಆಕೆ ಇಂಗ್ಲಿಷಿಗೆ ಹಾಕಬೇಕಿತ್ತು. ಸಂಜೆ ಫೋನ್ ಮಾಡಿ ಓದಿದರು. ಆಕೆಯ ಅನುವಾದ ‘ಅಡ್ಮಿಟ್ಸ್’ ಅನ್ನುವ ಪದದಿಂದ ಶುರುವಾಗಿತ್ತು.

“ಅವರು ಏನನ್ನಾದರೂ ಒಪ್ಪಿಕೊಂಡರಾ?” ಅಂತ ಕೇಳಿದೆ.

ಸ್ವಲ್ಪ ಹೊತ್ತು ಸುಮ್ಮನಿದ್ದರು. “ಇಲ್ಲ ಸಾರ್. ಹೇಳಿದರು ಅಷ್ಟೆ,” ಅಂದು ಹೊಡೆದುಹಾಕಿದರು.